ಪಾಸ್‌ಬುಕ್ಕಿನ ಫೋಟೋ ಯಾಕೆ ಕಳಿಸ್ತೀರಿ? ವಿಳಾಸ ಕೊಟ್ಟರೆ ಸಾಕು

ತಂಬೂರಿನಲ್ಲಿ ಖಡಕ್ ರೊಟ್ಟಿ ಬಡಿದು ಮಾರುವ ಅಕ್ಕ ಒಬ್ಬರಿದ್ದಾರೆ. ಹೆಸರು ಬೇಡ ಅಂದರು, ಹಾಗಾಗಿ ಇಲ್ಲಿ ಅಕ್ಕ ಅಂತಲೇ ಬರೆಯುತ್ತೇನೆ. ಮೊದಲು ಕಲಘಟಗಿ ಸಂತೆಗಷ್ಟೇ ಹೋಗುತ್ತಿದ್ದ ರೊಟ್ಟಿ ಈಗ ಹುಬ್ಬಳ್ಳಿಯ ಮನೆಗಳಿಗೂ ಹೋಗುತ್ತದೆ. ವಾಟ್ಸಾಪಿನಲ್ಲಿ ಆರ್ಡರ್ ಬರುತ್ತದೆ, ಬಸ್ಸಿನಲ್ಲಿ ಡಬ್ಬಿ ಹೋಗುತ್ತದೆ. ತೊಡಕು ಬರುವುದು ರೊಕ್ಕದ ಹತ್ತಿರ.

"ಅಕ್ಕಾರ, ರೊಕ್ಕ ಹಾಕ್ತೀನಿ, ಪಾಸ್‌ಬುಕ್ಕಿಂದು ಒಂದ್ ಫೋಟೋ ಹೊಡದ್ ಕಳಸ್ರಿ" ಎಂದು ಹುಬ್ಬಳ್ಳಿಯ ಗಿರಾಕಿ ಕೇಳಿದರು. ನೂರು ರೊಟ್ಟಿ, ಅರ್ಧ ಕಿಲೋ ಶೇಂಗಾ ಚಟ್ನಿ, ಒಟ್ಟು 1,150 ರೂಪಾಯಿ. ಅಕ್ಕ ಮೊದಲನೇ ಪುಟದ ಫೋಟೋ ಕಳಿಸಿದರು. ಆ ಗಿರಾಕಿ ಒಳ್ಳೆಯವರೇ. ರೊಕ್ಕ ಹಾಕಿದರು, ರೊಟ್ಟಿ ರುಚಿ ಇವೆ ಅಂತ ತಮ್ಮ ಓಣಿಯ ಗ್ರೂಪಿನಲ್ಲೂ ಬರೆದರು. ಬೇರೆಯವರಿಗೂ ಅನುಕೂಲ ಆಗಲಿ ಅಂತ ಆ ಪಾಸ್‌ಬುಕ್ ಫೋಟೋವನ್ನೂ ಅಲ್ಲೇ ಹಾಕಿಬಿಟ್ಟರು.

ಎರಡು ವಾರದ ಮೇಲೆ ಅಕ್ಕನಿಗೆ ಒಂದು ಫೋನ್ ಬಂತು. "ಬ್ಯಾಂಕಿನಿಂದ ಮಾತಾಡ್ತಿದ್ದೇವೆ, ನಿಮ್ಮ ಕೆವೈಸಿ ಮುಗಿದಿದೆ" ಎಂದ ಮನುಷ್ಯ, ಇವರ ಪೂರ್ತಿ ಹೆಸರು, ಗಂಡನ ಹೆಸರು, ಶಾಖೆ, ಖಾತೆ ನಂಬರು ಎಲ್ಲವನ್ನೂ ಗಡಗಡ ಓದಿ ಹೇಳಿದ. ಆಮೇಲೆ ಮೊಬೈಲಿಗೆ ಬಂದ ಓಟಿಪಿ ಕೇಳಿದ. ಪಕ್ಕದಲ್ಲಿದ್ದ ಮಗ ಫೋನ್ ಕಸಿದು ಕಟ್ ಮಾಡಿದ್ದರಿಂದ ಉಳಿದರು. "ಎಲ್ಲಾ ಬರೋಬ್ಬರಿ ಹೇಳಿದ್ನೋ ತಮ್ಮಾ, ಬ್ಯಾಂಕಿನವರs ಅಂತ ತಿಳ್ಕೊಂಡೆ" ಅಂದರು ನನಗೆ. ಆ ಫೋಟೋದಿಂದಲೇ ಅವನಿಗೆ ವಿವರ ಸಿಕ್ಕಿತು ಅಂತ ನಾನು ಸಾಬೀತು ಮಾಡಲಾರೆ. ಆದರೆ ಅವನು ಓದಿದ್ದೆಲ್ಲ ಆ ಪುಟದ ಮೇಲಿತ್ತು.

ಇಲ್ಲಿ ಒಂದು ಮಾತು ಸರಿಯಾಗಿ ತಿಳಿದುಕೊಳ್ಳಬೇಕು. ನಮ್ಮೂರ ಕಡೆ ಇದರ ಬಗ್ಗೆ ಎರಡು ತುದಿಯ ಮಾತು ಕೇಳುತ್ತೇನೆ. ಖಾತೆ ನಂಬರ್ ಹೇಳಿದರೆ ರೊಕ್ಕ ಹೋಯಿತು ಅನ್ನುವವರು ಒಂದು ಕಡೆ, ಏನೂ ಆಗುವುದಿಲ್ಲ ಅನ್ನುವವರು ಇನ್ನೊಂದು ಕಡೆ. ಎರಡೂ ಪೂರ್ತಿ ನಿಜವಲ್ಲ. ಬರೀ ಖಾತೆ ನಂಬರು ಮತ್ತು ಐಎಫ್‌ಎಸ್‌ಸಿ ಕೋಡ್ ಹಿಡಿದುಕೊಂಡು ನಿಮ್ಮ ರೊಕ್ಕ ಯಾರೂ ತೆಗೆಯಲಾರರು. ಅದರಿಂದ ನಿಮ್ಮ ಖಾತೆಗೆ ಹಾಕಬಹುದು, ಅಷ್ಟೇ. ಆದರೆ ಪಾಸ್‌ಬುಕ್ಕಿನ ಪುಟದಲ್ಲಿ ಅದೊಂದೇ ಇರುವುದಿಲ್ಲವಲ್ಲ. ಹೆಸರು, ಮನೆತನ, ಊರು, ಶಾಖೆ, ಗ್ರಾಹಕ ಸಂಖ್ಯೆ ಇರುತ್ತವೆ. ಕೆಲವರ ಪುಟದಲ್ಲಿ ಮೊಬೈಲ್ ನಂಬರೂ ಇರುತ್ತದೆ. ಇದೆಲ್ಲ ಕೈಯಲ್ಲಿರುವ ಕಳ್ಳನಿಗೆ ಬೀಗದ ಕೈ ಸಿಕ್ಕಿಲ್ಲ ನಿಜ, ಆದರೆ ಬ್ಯಾಂಕಿನವನ ಹಾಗೆ ಮಾತಾಡಲು ಬೇಕಾದ ಸಾಮಾನು ಸಿಕ್ಕಿದೆ. ಬೀಗ ನೀವೇ ತೆಗೆದುಕೊಡುವಂತೆ ಅವನು ಮಾಡುತ್ತಾನೆ.

ಹಾಗಾದರೆ ರೊಕ್ಕ ಪಡೆಯುವುದು ಹೇಗೆ? ಅಕ್ಕ ಕೇಳಿದ್ದೂ ಅದನ್ನೇ. "ಅಲ್ಲೋ ತಮ್ಮಾ, ಖಾತೆ ನಂಬರ್ ಹೇಳಲಿಲ್ಲಂದ್ರ ರೊಕ್ಕ ಎಲ್ಲಿಗೆ ಬರ್ತೈತಿ?"

ಇದಕ್ಕೆ ಉತ್ತರ ಅವರ ಮಗನ ಫೋನಿನಲ್ಲಿ ಆಗಲೇ ಇತ್ತು. ಯುಪಿಐ ಆ್ಯಪಿನಲ್ಲಿ ಪ್ರೊಫೈಲ್ ತೆರೆದರೆ `UPI ID` ಎಂಬ ಸಾಲು ಕಾಣುತ್ತದೆ. ಬ್ಯಾಂಕಿನವರು ಅದನ್ನು ವರ್ಚುವಲ್ ಪೇಮೆಂಟ್ ಅಡ್ರೆಸ್ ಅನ್ನುತ್ತಾರೆ. ರೊಕ್ಕ ಬರಬೇಕಾದ ವಿಳಾಸ ಅಂದರೆ ಮುಗಿಯಿತು. ನೋಡಲು ಹೀಗಿರುತ್ತದೆ:

```
tambura.rotti@upi
```

ನಡುವೆ ಒಂದು ಸುತ್ತಿದ `@` ಗುರುತು. ಅದರ ಎಡಗಡೆ ನೀವು ಇಟ್ಟುಕೊಂಡ ಹೆಸರು, ಬಲಗಡೆ ಆ ವಿಳಾಸವನ್ನು ನೋಡಿಕೊಳ್ಳುವವರ ಗುರುತು. ಇದರಲ್ಲಿ ಖಾತೆ ನಂಬರ್ ಇಲ್ಲ, ಶಾಖೆ ಇಲ್ಲ, ಐಎಫ್‌ಎಸ್‌ಸಿ ಇಲ್ಲ.

ಬಲಗಡೆಯ ಗುರುತಿನ ಬಗ್ಗೆ ಬಹಳ ಮಂದಿಗೆ ಗೊಂದಲ ಇದೆ. "ನನ್ನ ಖಾತೆ ಗ್ರಾಮೀಣ ಬ್ಯಾಂಕಿನಾಗೈತಿ, ಇಲ್ಲಿ ನೋಡಿದ್ರ `@okaxis` ಅಂತ ಬಂದೈತಿ, ರೊಕ್ಕ ಬ್ಯಾರೆ ಬ್ಯಾಂಕಿಗೆ ಹೋಗತೈತೇನು?" ಎಂದು ಒಬ್ಬ ರೈತರು ನನ್ನನ್ನು ಕೇಳಿದ್ದರು. ಹೋಗುವುದಿಲ್ಲ. ಆ್ಯಪ್ ನಡೆಸುವ ಕಂಪನಿ ಯಾವುದೋ ಒಂದು ಬ್ಯಾಂಕಿನ ಜೊತೆ ಸೇರಿ ವಿಳಾಸ ಕೊಡುತ್ತದೆ. ಬಲಗಡೆ ಕಾಣುವುದು ಆ ವಿಳಾಸ ಕೊಟ್ಟವರ ಗುರುತು. ನಿಮ್ಮ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂಬುದಕ್ಕೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಒಂದು ರೀತಿಯಲ್ಲಿ ಇದೂ ಒಳ್ಳೆಯದೇ. ವಿಳಾಸ ನೋಡಿದವರಿಗೆ ನಿಮ್ಮ ಬ್ಯಾಂಕ್ ಯಾವುದು ಅನ್ನುವುದೂ ಗೊತ್ತಾಗುವುದಿಲ್ಲ.

ಈಗ ಆ 1,150 ರೂಪಾಯಿಯ ಹಿಂದೆಯೇ ಹೋಗೋಣ. ಹುಬ್ಬಳ್ಳಿಯ ಗಿರಾಕಿ ತಮ್ಮ ಆ್ಯಪಿನಲ್ಲಿ ಅಕ್ಕನ ವಿಳಾಸ ಒತ್ತಿದರು ಅನ್ನಿ. ಆ ವಿಳಾಸ ಮೊದಲು ಎನ್‌ಪಿಸಿಐ ಎಂಬ ಸಂಸ್ಥೆಯ ಹತ್ತಿರ ಹೋಗುತ್ತದೆ. ಇಡೀ ದೇಶದ ಯುಪಿಐ ನಡೆಸುವವರು ಅವರೇ. ಅಂಚೆ ಕಚೇರಿಯಲ್ಲಿ ಪಿನ್‌ಕೋಡ್ ನೋಡಿ ಪತ್ರ ವಿಂಗಡಿಸುತ್ತಾರಲ್ಲ, ಹಾಗೆ ಎನ್‌ಪಿಸಿಐ ಬಲಗಡೆಯ ಗುರುತು ನೋಡುತ್ತದೆ. ಆ ಗುರುತಿನವರನ್ನು "ಈ ವಿಳಾಸ ಯಾರದು?" ಎಂದು ಕೇಳುತ್ತದೆ. ವಿಳಾಸದ ಹಿಂದೆ ಯಾವ ಖಾತೆ ಇದೆ ಎಂಬ ಪಟ್ಟಿ ಇರುವುದು ಅವರ ಬಳಿ. ಅಲ್ಲಿಂದ ಗಿರಾಕಿಯ ಫೋನಿಗೆ ವಾಪಸ್ ಬರುವುದು ಬ್ಯಾಂಕಿನಲ್ಲಿರುವ ಅಕ್ಕನ ಹೆಸರು ಮಾತ್ರ. ಖಾತೆ ನಂಬರ್ ಬರುವುದಿಲ್ಲ.

ಗಿರಾಕಿ ಹೆಸರು ನೋಡಿ, ಮೊತ್ತ ಹಾಕಿ, ತಮ್ಮ ಪಿನ್ ಒತ್ತುತ್ತಾರೆ. ಅವರ ಬ್ಯಾಂಕ್ ಆ ಪಿನ್ ಪರೀಕ್ಷಿಸಿ ರೊಕ್ಕ ಕಡಿತ ಮಾಡುತ್ತದೆ. ಆಮೇಲೆ ಎನ್‌ಪಿಸಿಐ ಅಕ್ಕನ ಬ್ಯಾಂಕಿಗೆ "ಈ ಖಾತೆಗೆ ಜಮಾ ಮಾಡಿರಿ" ಎಂದು ಹೇಳುತ್ತದೆ. ಖಾತೆ ನಂಬರಿನ ಮಾತುಕತೆ ನಡೆಯುವುದು ಇಲ್ಲಿ, ಬ್ಯಾಂಕುಗಳ ಮತ್ತು ಎನ್‌ಪಿಸಿಐ ನಡುವೆ. ಗಿರಾಕಿಯ ಪರದೆಯ ಮೇಲೆ ಉಳಿಯುವುದು ಅಕ್ಕನ ಹೆಸರು, ವಿಳಾಸ, ಮೊತ್ತ ಮತ್ತು 12 ಅಂಕಿಯ ಒಂದು ಉಲ್ಲೇಖ ಸಂಖ್ಯೆ. ಅದರ ಫೋಟೋ ತೆಗೆದು ಓಣಿಯ ಗ್ರೂಪಿಗೆ ಹಾಕಿದರೂ ಪಾಸ್‌ಬುಕ್ ಬಯಲಾಗುವುದಿಲ್ಲ.

ವಿಳಾಸಕ್ಕೆ ಇನ್ನೊಂದು ಗುಣ ಇದೆ. ಅದರ ಹಿಂದಿನ ಖಾತೆ ಬದಲಾಯಿಸಬಹುದು. ನಮ್ಮ ಜಿಲ್ಲೆಯವರಿಗೆ ಇದು ಚೆನ್ನಾಗಿ ಅರ್ಥವಾಗಬೇಕು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿತು. 2021ರ ಜುಲೈ 1ರಿಂದ ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ ಕೋಡು ನಡೆಯಲಿಲ್ಲ. ಹಳೆ ಪಾಸ್‌ಬುಕ್ ಫೋಟೋ ಇಟ್ಟುಕೊಂಡು ರೊಕ್ಕ ಹಾಕಲು ಹೋದವರಿಗೆ ತಿರುಗಾಟವಾಯಿತು. ಧಾರವಾಡದಲ್ಲೇ ಕೇಂದ್ರ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ 2025ರ ಮೇ 1ರಿಂದ ಇಲ್ಲ. ಕರ್ನಾಟಕ ಗ್ರಾಮೀಣ ಬ್ಯಾಂಕ್ ಜೊತೆ ಒಂದಾಗಿ, ಕೇಂದ್ರ ಕಚೇರಿ ಬಳ್ಳಾರಿಗೆ ಹೋಯಿತು. ಬ್ಯಾಂಕಿನ ಹೆಸರು ಹೀಗೆ ಬದಲಾಗುತ್ತಿರುವಾಗ ಹತ್ತು ಗಿರಾಕಿಗಳಿಗೆ ಕೊಟ್ಟ ಹತ್ತು ಫೋಟೋ ಬದಲಾಯಿಸುವುದು ಯಾರಿಂದ ಆಗುತ್ತದೆ? ವಿಳಾಸ ಕೊಟ್ಟಿದ್ದರೆ ಆ್ಯಪಿನೊಳಗೆ ರೊಕ್ಕ ಬಂದು ಬೀಳುವ ಖಾತೆಯನ್ನು ನೀವು ಒಮ್ಮೆ ಬದಲಿಸಿದರೆ ಆಯಿತು. ಗಿರಾಕಿಗೆ ಹೇಳಬೇಕಾಗಿಯೂ ಇಲ್ಲ.

ಅಂಗಡಿಯ ಕ್ಯೂಆರ್ ಚೀಟಿಯೂ ಬೇರೆ ಏನಲ್ಲ, ಇದೇ ವಿಳಾಸ. ಆ ಕಪ್ಪು ಚುಕ್ಕೆಗಳನ್ನು ಅಕ್ಷರ ಮಾಡಿದರೆ ಹೀಗೆ ಬರುತ್ತದೆ:

```
upi://pay?pa=tambura.rotti@upi&pn=Tambura%20Rotti&cu=INR
```

`pa` ಮುಂದೆ ಇರುವುದು ವಿಳಾಸ, `pn` ಮುಂದೆ ಹೆಸರು, ಕೊನೆಯದು ರೂಪಾಯಿ ಎಂಬ ಗುರುತು. ಗೋಡೆಗೆ ಅಂಟಿಸಿದ ಚೀಟಿಯಿಂದ ಯಾರೂ ನಿಮ್ಮ ಖಾತೆಯೊಳಗೆ ಇಣುಕಲಾರರು. ಆ ಚೀಟಿಯ ಮೇಲೆ ಬೇರೆ ಯಾರೋ ತಮ್ಮ ಚೀಟಿ ಅಂಟಿಸಿ ಹೋದರೆ ಮಾತ್ರ ಗಿರಾಕಿ ಕೊಟ್ಟ ರೊಕ್ಕ ಅವರಿಗೆ ಹೋಗುತ್ತದೆ. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಒಮ್ಮೆ ಸ್ವಂತ ಫೋನಿನಿಂದ ಸ್ಕ್ಯಾನ್ ಮಾಡಿ, ನಿಮ್ಮ ಹೆಸರೇ ಬರುತ್ತದೆಯೋ ನೋಡಿಕೊಳ್ಳುವುದು ಅದಕ್ಕೇ.

ಒಂದು ಎಚ್ಚರ ಹೇಳಬೇಕು. ವಿಳಾಸದ ಕೊನೆಗೆ `.ifsc.npci` ಅಂತ ಇದ್ದರೆ ಅದು ಬೇರೆ ಜಾತಿ. ಅದರ ಎಡಗಡೆ ಇರುವುದು ಖಾತೆ ನಂಬರೇ, ಬಲಗಡೆ ಐಎಫ್‌ಎಸ್‌ಸಿ. ಅಂಥದ್ದು ಅಪರೂಪ, ಆದರೆ ಕಂಡರೆ ಅದನ್ನು ಹಂಚಬೇಡಿ.

ಇಷ್ಟು ಹೇಳಿದ ಮೇಲೆ ನನ್ನ ತಕರಾರಿಗೆ ಬರುತ್ತೇನೆ. ಈ ಲೇಖನ ಬರೆಯಲು ಕೂತಿದ್ದೇ ಅದಕ್ಕೆ.

ಅಕ್ಕನ ಮಗನ ಫೋನಿನಲ್ಲಿ ಆ ಸಾಲು ತೆರೆದಾಗ ಎಡಗಡೆ ಹೆಸರಿರಲಿಲ್ಲ. ಹತ್ತು ಅಂಕಿಯ ಮೊಬೈಲ್ ನಂಬರ್ ಇತ್ತು, ಅದೂ ಅಕ್ಕನದು. ಆ್ಯಪ್ ಹಾಕಿಕೊಂಡಾಗ ನಾವು ಏನೂ ಆರಿಸದಿದ್ದರೆ ಬಹಳಷ್ಟು ಕಡೆ ಮೊಬೈಲ್ ನಂಬರನ್ನೇ ವಿಳಾಸ ಮಾಡಿಬಿಡುತ್ತಾರೆ. ಖಾತೆ ನಂಬರ್ ಮುಚ್ಚಿಡಲು ಇರುವ ವ್ಯವಸ್ಥೆ ಫೋನ್ ನಂಬರನ್ನು ಊರಿಗೆಲ್ಲ ಸಾರುತ್ತದೆ. ಇದು ಸಣ್ಣ ಮಾತಲ್ಲ. ಕ್ಯೂಆರ್ ಚೀಟಿಯ ಕೆಳಗೆ ಆ ವಿಳಾಸ ಅಚ್ಚಾಗಿರುತ್ತದೆ, ರೊಕ್ಕ ಕಳಿಸಿದವರ ರಸೀದಿಯಲ್ಲಿ ಬರುತ್ತದೆ, ಅವರ ಬ್ಯಾಂಕ್ ಹಾಳೆಯಲ್ಲೂ ಕೂತಿರುತ್ತದೆ. ಬಟ್ಟೆ ಹೊಲಿಯುವ, ರೊಟ್ಟಿ ಮಾರುವ, ಬ್ಯೂಟಿ ಪಾರ್ಲರ್ ಇಟ್ಟ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಹತ್ತು ರೂಪಾಯಿ ಕಳಿಸಿ ನಂಬರ್ ತೆಗೆದುಕೊಂಡು, ರಾತ್ರಿ ಹತ್ತಕ್ಕೆ "ಊಟ ಆತೇನ್ರಿ" ಎಂದು ಮೆಸೇಜ್ ಹಾಕುವವರ ಕಥೆ ಹೇಳುತ್ತಾರೆ. ನವಲಗುಂದದ ಕಡೆ ಒಬ್ಬ ತಂಗಿ ಇದೇ ಕಾರಣಕ್ಕೆ ಚೀಟಿ ಕಿತ್ತುಹಾಕಿ, ನಗದು ಇದ್ದರೆ ಮಾತ್ರ ಹೊಲಿಗೆ ಅಂತ ಕೂತಿದ್ದಳು.

ಚೀಟಿ ಕೀಳಬೇಕಾಗಿಲ್ಲ, ವಿಳಾಸ ಬದಲಿಸಿದರೆ ಸಾಕು. ನಾವು ಅಕ್ಕನ ಅಂಗಳದಲ್ಲೇ ಕೂತು ಮಾಡಿದೆವು. ಪ್ರೊಫೈಲ್ ಒಳಗೆ `UPI ID` ಸಾಲಿಗೆ ಹೋಗಿ, ಹೊಸ ವಿಳಾಸ ಸೇರಿಸುವ ಗುಂಡಿ ಒತ್ತಿದೆವು. ಮೊದಲು ಅಕ್ಕ ತಮ್ಮ ಹೆಸರು, ಹುಟ್ಟಿದ ಇಸವಿ ಸೇರಿಸಿ ಬರೆಯಲು ಹೊರಟಿದ್ದರು. ಬೇಡ ಅಂದೆ. ಇಸವಿಯೂ ಬ್ಯಾಂಕಿನವರ ಹಾಗೆ ಮಾತಾಡುವವನಿಗೆ ಉಪಯೋಗದ ಮಾಹಿತಿಯೇ. ಊರು ಮತ್ತು ಕಸುಬು ಸೇರಿಸಿ ಬರೆದೆವು. ಮೊದಲ ಹೆಸರು ಬೇರೆ ಯಾರೋ ತೆಗೆದುಕೊಂಡಿದ್ದರು, ಒಂದು ಅಕ್ಷರ ಬದಲಿಸಿ ಮತ್ತೆ ಬರೆದಾಗ ಸಿಕ್ಕಿತು. ಆಮೇಲೆ ಅದನ್ನೇ ಮುಖ್ಯ ವಿಳಾಸ ಮಾಡಿ, ಹೊಸ ಕ್ಯೂಆರ್ ತೆರೆದು ಕೆಳಗಿನ ಸಾಲು ಓದಿದೆವು. ಈ ಕೊನೆಯ ಕೆಲಸ ಬಿಡಬೇಡಿ. ವಿಳಾಸ ಹೊಸದು ಮಾಡಿ ಹಳೆ ಕ್ಯೂಆರನ್ನೇ ಹಂಚುತ್ತ ಕೂತರೆ ನಂಬರ್ ಹೋಗುತ್ತಲೇ ಇರುತ್ತದೆ. ಕೊನೆಗೆ ನನ್ನ ಫೋನಿನಿಂದ ಒಂದು ರೂಪಾಯಿ ಹಾಕಿ ನೋಡಿದೆವು. ಅಕ್ಕನ ಹೆಸರು ಬಂತು, ರೂಪಾಯಿ ಬಂತು, ನಂಬರ್ ಕಾಣಲಿಲ್ಲ.

ಹೆಸರು ಮಾತ್ರ ಕಂಡೇ ಕಾಣುತ್ತದೆ. ಅದನ್ನು ಮುಚ್ಚಲು ಬರುವುದಿಲ್ಲ, ಮುಚ್ಚಲೂಬಾರದು ಅನ್ನುವುದು ನನ್ನ ಅಭಿಪ್ರಾಯ. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದರೂ ರೊಕ್ಕ ಇನ್ಯಾರಿಗೋ ಹೋಗುತ್ತದೆ. ಹೋದದ್ದನ್ನು ವಾಪಸ್ ತರುವುದು ಸಲೀಸಲ್ಲ. ಪಿನ್ ಒತ್ತುವ ಮೊದಲು ತಪ್ಪು ಹಿಡಿಯಲು ಕಳಿಸುವವರ ಕೈಯಲ್ಲಿರುವುದು ಆ ಹೆಸರೊಂದೇ. ಅಡ್ಡಹೆಸರು ಇಟ್ಟು ಮೋಸ ಮಾಡುವವರು ಹೆಚ್ಚಾದ ಮೇಲೆ, 2025ರಲ್ಲಿ ಎನ್‌ಪಿಸಿಐ ಬ್ಯಾಂಕಿನಲ್ಲಿರುವ ಹೆಸರನ್ನೇ ತೋರಿಸಬೇಕು ಎಂದು ಆ್ಯಪುಗಳಿಗೆ ಹೇಳಿತು. ಹಾಗಾಗಿ ಗಿರಾಕಿಗೆ ವಿಳಾಸ ಕಳಿಸುವಾಗ ಜೊತೆಗೆ "ಹೆಸರು ಹೀಗೆ ಬರ್ತೈತಿ ನೋಡ್ರಿ" ಅಂತ ಬರೆಯಿರಿ. ಗಂಡನ ಖಾತೆ ಇದ್ದರೆ ಗಂಡನ ಹೆಸರು ಬರುತ್ತದೆ ಅಂತಲೂ ಹೇಳಿರಿ. ಅದು ಗೊತ್ತಿಲ್ಲದೆ ಗಿರಾಕಿ ಗಾಬರಿಯಾಗಿ ರೊಕ್ಕ ಹಾಕದೆ ಬಿಟ್ಟ ಉದಾಹರಣೆ ಬೇಕಾದಷ್ಟಿವೆ.

ಇನ್ನು ವಿಳಾಸ ಯಾರಿಂದ ಏನನ್ನು ಮುಚ್ಚುತ್ತದೆ ಎಂಬ ಮಾತು. ಅದು ಮುಚ್ಚುವುದು ಗಿರಾಕಿಯಿಂದ ಮಾತ್ರ. ಬ್ಯಾಂಕಿಗೆ, ಆ್ಯಪಿನವರಿಗೆ ಎಲ್ಲವೂ ಗೊತ್ತು, ಕಾನೂನಿನ ಪ್ರಕಾರ ಕೇಳಿದರೆ ಸರ್ಕಾರಕ್ಕೂ ಗೊತ್ತಾಗುತ್ತದೆ. 2025ರ ಜುಲೈನಲ್ಲಿ ನಮ್ಮ ಪಕ್ಕದ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸ್ ನೆನಪಿರಬೇಕು. ನಾಲ್ಕು ವರ್ಷದಲ್ಲಿ ಯುಪಿಐ ಮೂಲಕ 1.63 ಕೋಟಿ ವಹಿವಾಟಾಗಿದೆ, 29 ಲಕ್ಷ ಜಿಎಸ್‌ಟಿ ಕಟ್ಟಿರಿ ಎಂದು ಬಂದಿತ್ತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೆ ಯುಪಿಐ ಲೆಕ್ಕ ಎಷ್ಟು ರೊಕ್ಕ ಬಂತು ಅನ್ನುವುದನ್ನು ಹೇಳುತ್ತದೆ, ಯಾವುದಕ್ಕೆ ಬಂತು ಅನ್ನುವುದನ್ನು ಹೇಳುವುದಿಲ್ಲ. ಆಗ ಬೆಂಗಳೂರಿನ ಅಂಗಡಿಗಳಲ್ಲಿ ಯುಪಿಐ ಬೇಡ, ನಗದು ಕೊಡಿ ಎಂಬ ಬೋರ್ಡು ಬಂದವು. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ಕೇಳುವುದಿಲ್ಲ ಎನ್ನಬೇಕಾಯಿತು. ವಿಳಾಸ ಬದಲಿಸಿದರೆ ಲೆಕ್ಕ ತಪ್ಪಿಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾಲ್ಕು ವಿಳಾಸ ಇಟ್ಟರೂ ಹಿಂದೆ ಇರುವ ಖಾತೆ ನಿಮ್ಮದೇ. ಅದರ ಬದಲು ಮಾರಿದ್ದನ್ನು ಒಂದು ವಹಿಯಲ್ಲಿ ದಿನಾ ಬರೆದಿಡಿ, ಮಗಳ ಫೀ ಅಂತ ತಮ್ಮ ಕಳಿಸಿದ ರೊಕ್ಕಕ್ಕೂ ರೊಟ್ಟಿ ರೊಕ್ಕಕ್ಕೂ ಬೇರೆ ಸಾಲು ಇರಲಿ.

ಪಾಸ್‌ಬುಕ್ ನಕಲು ಕೊಡಲೇಬೇಕಾದ ಜಾಗಗಳೂ ಇವೆ. ಹಾಲಿನ ಸಂಘ, ಬೆಳೆ ವಿಮೆ, ಮಕ್ಕಳ ವಿದ್ಯಾರ್ಥಿ ವೇತನ, ಇಂಥಲ್ಲಿ ವಿಳಾಸ ನಡೆಯುವುದಿಲ್ಲ. ಗೃಹಲಕ್ಷ್ಮಿ, ಪಿಎಂ ಕಿಸಾನ್ ರೊಕ್ಕ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ, ಅದಕ್ಕೂ ಈ ವಿಳಾಸಕ್ಕೂ ಸಂಬಂಧ ಇಲ್ಲ. ಅಲ್ಲಿ ಕಾಗದದ ನಕಲನ್ನು ಕಚೇರಿಯಲ್ಲಿ ಕೈಗೆ ಕೊಡಿ, ಯಾವ ಕೆಲಸಕ್ಕೆ ಎಂದು ಅದರ ಮೇಲೆ ಬರೆಯಿರಿ. ರೊಟ್ಟಿ, ಕುಬಸ, ಮೆಕ್ಕೆಜೋಳದ ಬಾಡಿಗೆ ಗಾಡಿ, ಇಂಥ ವ್ಯವಹಾರಕ್ಕೆ ಪಾಸ್‌ಬುಕ್ ಕೇಳುವವರಿಗೆ "ವಿಳಾಸ ಕಳಸ್ತೀನ್ರಿ" ಅನ್ನಿ.

ವಿಳಾಸ ಕೊಟ್ಟ ಮೇಲೂ ಮೋಸ ಮಾಡುವವರು ಎರಡು ದಾರಿ ಹಿಡಿಯುತ್ತಾರೆ. ಒಂದು, "ರೊಕ್ಕ ಬರಬೇಕಂದ್ರ ಪಿನ್ ಒತ್ರಿ" ಅನ್ನುವುದು. ರೊಕ್ಕ ಪಡೆಯಲು ಪಿನ್ ಬೇಡ, ಸ್ಕ್ಯಾನ್ ಮಾಡುವುದೂ ಬೇಡ. ಪಿನ್ ಒತ್ತಿದರೆ ರೊಕ್ಕ ಹೋಗುವುದು ನಿಮ್ಮ ಕಡೆಯಿಂದ. ಮೊದಲು ವಿಳಾಸ ಗೊತ್ತಿದ್ದವರು "ಇಷ್ಟು ರೊಕ್ಕ ಕೊಡಿ" ಎಂಬ ಬೇಡಿಕೆ ಕಳಿಸಿ, ಅದನ್ನೇ ರೊಕ್ಕ ಬಂದಂತೆ ತೋರಿಸಿ ಒತ್ತಿಸುತ್ತಿದ್ದರು. ಜನರಿಂದ ಜನರಿಗೆ ಹೀಗೆ ಬೇಡಿಕೆ ಕಳಿಸುವುದನ್ನು ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ವ್ಯಾಪಾರಿ ಎಂದು ನೋಂದಾಯಿಸಿದವರಿಗೆ ಇನ್ನೂ ಇದೆ, ಹಾಗಾಗಿ ಮೈಮರೆಯಬೇಡಿ. ಇನ್ನೊಂದು ದಾರಿ, ರೊಕ್ಕ ಹಾಕದೆಯೇ ಹಾಕಿದ ಹಾಗೆ ಸ್ಕ್ರೀನ್‌ಶಾಟ್ ಕಳಿಸುವುದು. ಇದು ರೊಟ್ಟಿ ವ್ಯಾಪಾರದಲ್ಲಿ ನಿತ್ಯದ ಕಾಟ. ಸ್ಕ್ರೀನ್‌ಶಾಟ್ ನೋಡಿ ಡಬ್ಬಿ ಬಸ್ಸಿಗೆ ಹಾಕಬೇಡಿ, ನಿಮ್ಮ ಆ್ಯಪ್ ತೆರೆದು ಬಂದ ಪಟ್ಟಿಯಲ್ಲಿ ಆ 12 ಅಂಕಿಯ ಸಂಖ್ಯೆ ಇದೆಯೇ ನೋಡಿ. ಅಕಸ್ಮಾತ್ ರೊಕ್ಕ ಹೋಗಿಬಿಟ್ಟರೆ ಯೋಚನೆ ಮಾಡುತ್ತ ಕೂರದೆ ಆಗಿಂದಾಗಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ.

ಆ್ಯಪುಗಳನ್ನು ಮಾಡುವವರಿಗೆ ನನ್ನದು ಒಂದೇ ಬೇಡಿಕೆ. ಹೊಸದಾಗಿ ಸೇರುವವರಿಗೆ ಮೊಬೈಲ್ ನಂಬರಿನ ವಿಳಾಸ ಕೊಡುವುದನ್ನು ಬಿಡಿ. ನಂಬರ್ ಬೇಕಾದವರು ಅವರೇ ಆರಿಸಿಕೊಳ್ಳಲಿ. ಮೊದಲ ದಿನವೇ ಕನ್ನಡದಲ್ಲಿ "ನಿಮ್ಮ ವಿಳಾಸಕ್ಕೆ ಒಂದು ಹೆಸರು ಇಡಿ" ಎಂದು ಕೇಳಲಿ. ಸೆಟ್ಟಿಂಗಿನ ನಾಲ್ಕನೇ ಪುಟದಲ್ಲಿ ಇಂಗ್ಲಿಷಿನಲ್ಲಿ ಅಡಗಿಸಿಟ್ಟರೆ ತಂಬೂರಿನ ಅಕ್ಕನಿಗೆ ಅದು ಸಿಗುವುದಿಲ್ಲ.

ಅಕ್ಕ ಈಗ ಹೊಸ ಕ್ಯೂಆರನ್ನು ಕಲಘಟಗಿಯಲ್ಲಿ ಲ್ಯಾಮಿನೇಶನ್ ಮಾಡಿಸಿ ರೊಟ್ಟಿ ಬುಟ್ಟಿಗೆ ಕಟ್ಟಿದ್ದಾರೆ. ಓಣಿಯ ಗ್ರೂಪಿನಲ್ಲಿದ್ದ ಹಳೆ ಪಾಸ್‌ಬುಕ್ ಫೋಟೋ ಅಳಿಸಿರಿ ಎಂದು ಆ ಹುಬ್ಬಳ್ಳಿ ಗಿರಾಕಿಗೆ ಹೇಳಿದೆವು. ಅವರು ಅಳಿಸಲು ಹೋದರೆ "ನನಗೆ ಮಾತ್ರ ಅಳಿಸು" ಎಂಬುದಷ್ಟೇ ಬಂತಂತೆ. ಎಲ್ಲರ ಫೋನಿನಿಂದ ಅಳಿಸುವ ಅವಧಿ ದಾಟಿಹೋಗಿತ್ತು.